ನಿಮ್ಮ ಮಗು ಆಟದಲ್ಲಿ ಹೊಡೀತಿದೆ ಅಂತ ಅಪ್ಪ ಅಮ್ಮಂಗೆ ಹೇಗೆ ಹೇಳೋದು? ನರ್ಸರಿ, ಎಲ್‌ಕೆಜಿ ಟೀಚರ್‌ಗಳಿಗೆ

ಜೂನ್‌ನಲ್ಲಿ ಸ್ಕೂಲ್ ಶುರುವಾಗಿ ಮಕ್ಕಳ ಅಳು ಎಲ್ಲ ನಿಂತು ಗುಂಪಲ್ಲಿ ಆಡೋಕೆ ಶುರು ಮಾಡೋ ಹೊತ್ತಿಗೆ, ಅಂದ್ರೆ ಜುಲೈ ಆಗಸ್ಟ್ ಹೊತ್ತಿಗೆ, ಹೊಸ ಟೀಚರ್‌ಗಳಿಂದ ನಂಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತ್ತೆ. "ಮೇಡಂ, ಕ್ಲಾಸಲ್ಲಿ ಒಂದು ಮಗು ಆಟಕ್ಕೆ ಬಿಟ್ರೆ ಸಾಕು ಪಕ್ಕದವರಿಗೆ ಹೊಡೆಯತ್ತೆ, ಅವರಮ್ಮಂಗೆ ಹೇಳಿದ್ರೆ ಜಗಳಕ್ಕೆ ಬರ್ತಾರೇನೋ ಅಂತ ಭಯ, ಹೇಳ್ದಿದ್ರೆ ಏಟು ತಿಂದ ಮಗುವಿನ ಅಮ್ಮ ಬರ್ತಾರೆ, ಏನ್ ಮಾಡ್ಲಿ?" ಹೇಳ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾವ ಮಾತಲ್ಲಿ ಹೇಳ್ತೀರಿ ಅನ್ನೋದರ ಮೇಲೆ ಆ ಮಗು ಅವತ್ತು ಸಂಜೆ ಮನೇಲಿ ಏಟು ತಿನ್ನತ್ತೋ ಇಲ್ವೋ ಅನ್ನೋದು ನಿಂತಿರತ್ತೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಇದು 3ರಿಂದ 6 ವರ್ಷದ ಮಕ್ಕಳ ಬಗ್ಗೆ ಮಾತ್ರ. ಮೂರನೇ ಕ್ಲಾಸು ನಾಲ್ಕನೇ ಕ್ಲಾಸಿನ ಮಕ್ಕಳ ವಿಷಯಾನೇ ಬೇರೆ, ಅದನ್ನ ಇದರ ಜೊತೆ ಸೇರಿಸ್ಬೇಡಿ.

ಬೇಕಾಗಿರೋದು ಜಾಸ್ತಿ ಏನಿಲ್ಲ. ಒಂದು ಚಿಕ್ಕ ನೋಟ್‌ಬುಕ್, ಒಂದೂವರೆ ಎರಡು ವಾರದ ಟೈಮು, ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋಕೆ ಒಂದು ಜಾಗ, ಅರ್ಧ ಗಂಟೆ. ಹೆಡ್ ಮೇಡಂಗೆ ಮುಂಚೆನೇ ಹೇಳಿರಿ, ಆಮೇಲೆ ಗೊತ್ತಾದ್ರೆ ಅವರಿಗೂ ಕಷ್ಟ ನಿಮಗೂ ಕಷ್ಟ.

1. ಮೊದಲು ಬರೆದಿಟ್ಕೊಳ್ಳಿ

ಬಾಯಲ್ಲಿ ಹೇಳೋಕೆ ಮುಂಚೆ ಎಂಟು ಹತ್ತು ಸ್ಕೂಲ್ ದಿನ ಬರೀಬೇಕು. ಇದಕ್ಕೆ ಟ್ರೈನಿಂಗ್‌ನಲ್ಲಿ ಆಬ್ಸರ್ವೇಶನ್ ನೋಟ್ ಅಂತಾರೆ, ಅಂದ್ರೆ ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೆಯೋದು, ನಮ್ಮ ಅಭಿಪ್ರಾಯ ಬರೆಯೋದಲ್ಲ. ಪ್ರತಿ ಸಲಕ್ಕೂ ಒಂದೇ ಸಾಲು ಸಾಕು, ಆದ್ರೆ ಆ ಸಾಲಲ್ಲಿ ನಾಲ್ಕು ವಿಷಯ ಇರ್ಲಿ: ಎಷ್ಟು ಗಂಟೆ, ಎಲ್ಲಿ, ಹೊಡೆಯೋಕೆ ಸ್ವಲ್ಪ ಮುಂಚೆ ಏನಾಯ್ತು, ಹೊಡೆದ ಮೇಲೆ ಏನಾಯ್ತು. ಎಲ್ಲರೂ ಬಿಟ್ಟುಬಿಡೋದು ಮೂರನೇದನ್ನ, ಯಾಕಂದ್ರೆ ನಾವು ತಿರುಗಿ ನೋಡೋದೇ ಇನ್ನೊಂದು ಮಗು ಅತ್ತಾಗ. ಅದಕ್ಕೇ ಆಟದ ಟೈಮಲ್ಲಿ ಒಂದು ಹತ್ತು ನಿಮಿಷ ಆ ಮಗುನೇ ನೋಡ್ತಾ ಕೂತ್ಕೊಳ್ಳಿ, ಉಳಿದವರನ್ನ ಆಯಾ ನೋಡ್ಕೊಳ್ಳಲಿ.

ಏನು ಮಾಡ್ತು ಅನ್ನೋದನ್ನೂ ಸರಿಯಾದ ಪದದಲ್ಲೇ ಬರೀರಿ. ತಳ್ಳಿದ್ದು, ಗುದ್ದಿದ್ದು, ಚಿವುಟಿದ್ದು, ಪರಚಿದ್ದು, ಕಚ್ಚಿದ್ದು, ಕೈಲಿದ್ದ ಆಟದ ಸಾಮಾನಿಂದ ಹೊಡೆದಿದ್ದು, ಇವೆಲ್ಲ ಬೇರೆ ಬೇರೆ. ಎಲ್ಲದಕ್ಕೂ "ಹೊಡೆದ" ಅಂತ ಬರೆದ್ರೆ ಮುಂದೆ ಏನ್ ಮಾಡ್ಬೇಕು ಅನ್ನೋದು ತಿಳಿಯಲ್ಲ.

ಒಂದು ಉದಾಹರಣೆ ಇಟ್ಕೊಂಡೇ ಕೊನೆವರೆಗೂ ಹೋಗೋಣ. ಎಲ್‌ಕೆಜಿ ಹುಡುಗ, ನಾಲ್ಕೂವರೆ ವರ್ಷ, ಪುಟ್ಟ ಅಂತ ಕರೆಯೋಣ. ಎಂಟು ದಿನದ ನೋಟಲ್ಲಿ 11 ಸಲ ಇತ್ತು. ಅದರಲ್ಲಿ 8 ಸಲ ಬ್ಲಾಕ್ಸ್ ಮೂಲೇಲಿ, ಅವನು ಕಟ್ಟಿದ್ದನ್ನ ಬೇರೆ ಮಗು ಮುಟ್ಟಿದಾಗ. 2 ಸಲ ಜಾರುಬಂಡೆ ಕ್ಯೂನಲ್ಲಿ, ಒಂದ್ಸಲ ಯಾಕೆ ಅಂತಾನೇ ಕಾಣಿಸ್ಲಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಹತ್ತೂವರೆಯಿಂದ ಹನ್ನೊಂದರ ಒಳಗೆ, ಅಂದ್ರೆ ಸ್ನ್ಯಾಕ್ಸ್ ಡಬ್ಬಿ ತೆಗೆಯೋಕೆ ಮುಂಚೆ. ಬರೆಯೋಕೆ ಮುಂಚೆ ಕ್ಲಾಸ್ ಟೀಚರ್ ಹೇಳ್ತಿದ್ದಿದ್ದು "ಇಡೀ ದಿನ ಎಲ್ರಿಗೂ ಹೊಡೀತಾನೆ" ಅಂತ. ಬರೆದ ಮೇಲೆ ಗೊತ್ತಾಯ್ತು, ದಿನಕ್ಕೆ ಅರ್ಧ ಗಂಟೆ, ಹೆಚ್ಚಾಗಿ ಒಂದೇ ಮೂಲೆ, ಒಂದೇ ಕಾರಣ. ಈ ಕಾರಣಕ್ಕೆ ಟ್ರಿಗರ್ ಅಂತಾರೆ, ಕಿಡಿ ಹೊತ್ತೋ ಕ್ಷಣ ಅಂತ ಇಟ್ಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ರಕ್ತ ಬಂದ್ರೆ, ಕಚ್ಚಿದ ಗಾಯ ಆದ್ರೆ, ಕಣ್ಣಿಗೆ ತಲೆಗೆ ಪೆಟ್ಟು ಬಿದ್ರೆ ಹತ್ತು ದಿನ ಕಾಯೋ ಹಾಗಿಲ್ಲ. ಅವತ್ತೇ ಎರಡೂ ಮನೆಗೆ ಫೋನ್ ಮಾಡಿ ಆದದ್ದಷ್ಟನ್ನ ಹೇಳಿ, ಉದ್ದ ಮಾತು ಆಮೇಲೆ.

2. ಕರೆಯೋ ರೀತಿ

ಗೇಟಲ್ಲಿ ಬೇಡ. ದಯವಿಟ್ಟು ಗೇಟಲ್ಲಿ ಬೇಡ. ಅಲ್ಲಿ ಬೇರೆ ಅಮ್ಮಂದಿರು ನಿಂತಿರ್ತಾರೆ, ವ್ಯಾನ್ ಅಂಕಲ್ ಹಾರ್ನ್ ಹೊಡೀತಿರ್ತಾರೆ, ಮಗು ಅಮ್ಮನ ಕೈ ಹಿಡ್ಕೊಂಡು ಮುಖ ನೋಡ್ತಿರತ್ತೆ. "ಇವತ್ತೂ ಹೊಡೆದ" ಅಂತ ನೀವು ಒಂದು ಮಾತು ಹೇಳಿದ್ರೆ ಆ ಅಮ್ಮಂಗೆ ಕೇಳ್ಸೋದು ನಿಮ್ಮ ಮಾತಲ್ಲ, ಪಕ್ಕದಲ್ಲಿ ನಿಂತೋರು ಕೇಳಿಸ್ಕೊಂಡ್ರು ಅನ್ನೋದು. ವಾಟ್ಸಾಪ್ ಗ್ರೂಪಲ್ಲಂತೂ ಹೆಸರು ಹೇಳ್ದೇನೂ ಹಾಕ್ಬೇಡಿ, "ಕೆಲವು ಮಕ್ಕಳು ಹೊಡೀತಿದ್ದಾರೆ" ಅಂತ ಹಾಕಿದ್ರೆ ಐದು ನಿಮಿಷದಲ್ಲಿ ಯಾರು ಅಂತ ಎಲ್ರಿಗೂ ಗೊತ್ತಾಗಿರತ್ತೆ. ಡೈರಿಯಲ್ಲಿ ಕೆಂಪು ಪೆನ್ನಲ್ಲಿ ಬರೆಯೋದೂ ಬೇಡ, ಡೈರಿ ಮನೇಲಿ ಮೊದಲು ಯಾರ ಕೈಗೆ ಸಿಗತ್ತೋ ಗೊತ್ತಿಲ್ಲ.

ಒಬ್ಬರಿಗೇ ಮೆಸೇಜ್ ಕಳ್ಸಿ, ಅದೂ ಬೆಳಿಗ್ಗೆ ಕಳ್ಸಿ. ರಾತ್ರಿ ಒಂಬತ್ತಕ್ಕೆ "ನಾಳೆ ಬಂದು ಭೇಟಿಯಾಗಿ" ಅಂತ ಬಂದ್ರೆ ಆ ಮನೇಲಿ ಯಾರೂ ನಿದ್ದೆ ಮಾಡಲ್ಲ. ಹೀಗೆ ಬರೀಬಹುದು:

"ನಮಸ್ತೆ ಮೇಡಂ, ಪುಟ್ಟ ಸ್ಕೂಲಲ್ಲಿ ಆರಾಮಾಗಿದಾನೆ. ಬೇರೆ ಮಕ್ಕಳ ಜೊತೆ ಆಡುವಾಗ ನಾನು ಗಮನಿಸಿರೋ ಒಂದು ವಿಷಯ ನಿಮ್ಮಿಬ್ಬರ ಹತ್ರ ಕೂತು ಮಾತಾಡ್ಬೇಕಿತ್ತು. ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ ಒಂದು ಅರ್ಧ ಗಂಟೆ ಆಗತ್ತಾ?"

ನೋಡಿ, ಇದರಲ್ಲಿ ವಿಷಯ ಏನು ಅನ್ನೋದರ ಸುಳಿವಿದೆ. "ಮುಖ್ಯವಾದ ವಿಷಯ ಇದೆ, ಬನ್ನಿ" ಅಂತ ಮಾತ್ರ ಬರೆದ್ರೆ ಹೆದರಿಕೆ ಆಗತ್ತೆ, "ಸುಮ್ನೆ ಮಾತಾಡೋಣ ಬನ್ನಿ" ಅಂತ ಬರೆದ್ರೆ ಬಂದ ಮೇಲೆ ಮೋಸ ಹೋದ ಹಾಗೆ ಅನ್ಸತ್ತೆ. ಆಗೋದಾದ್ರೆ ಅಪ್ಪ ಅಮ್ಮ ಇಬ್ಬರನ್ನೂ ಕರೀರಿ. ಒಬ್ಬರೇ ಬಂದ್ರೆ ಅವರು ಮನೆಗೆ ಹೋಗಿ ನಿಮ್ಮ ಮಾತನ್ನ ತಮ್ಮ ಮಾತಲ್ಲಿ ಹೇಳ್ಬೇಕಾಗತ್ತೆ, ಸಾಮಾನ್ಯವಾಗಿ ಅಮ್ಮ ಒಬ್ಬರೇ ಬಂದಿರ್ತಾರೆ, ಮನೇಲಿ ಅತ್ತೆ ಮಾವ ಗಂಡ ಎಲ್ಲ ಸೇರಿ "ನೀನೇ ಸರಿಯಾಗಿ ಬೆಳೆಸ್ಲಿಲ್ಲ" ಅಂತ ಅವರ ಮೇಲೇ ಬೀಳ್ತಾರೆ. ಮಗು ಆ ರೂಮಲ್ಲಿ ಇರೋದು ಬೇಡ, ಆಯಾ ಹತ್ರ ಹೊರಗೆ ಆಡ್ಕೊಂಡಿರ್ಲಿ.

3. ಮೊದಲ ಎರಡು ನಿಮಿಷ

ಕೂರ್ಸಿ, ನೀರು ಕೊಡಿ, ಟೇಬಲ್ ಆಚೆ ಈಚೆ ಕೂರೋ ಬದಲು ಪಕ್ಕಕ್ಕೆ ಕೂತ್ಕೊಳ್ಳಿ. ಮೊದಲು ಮಗುವಿನ ಒಂದು ಒಳ್ಳೇ ವಿಷಯ ಹೇಳಿ ಅಂತ ಎಲ್ರೂ ಹೇಳ್ಕೊಡ್ತಾರೆ, ಸರೀನೇ, ಆದ್ರೆ ಹೆಚ್ಚಿನವರು ಹೇಳೋದು "ತುಂಬಾ ಜಾಣ, ತುಂಬಾ ಆಕ್ಟಿವ್, ಆದ್ರೆ..." ಅಂತ. ಆ "ಆದ್ರೆ" ಬಂದ ತಕ್ಷಣ ಮುಂಚಿನ ಹೊಗಳಿಕೆ ಎಲ್ಲ ಮುಖಸ್ತುತಿ ಆಗೋಗತ್ತೆ. ಕಣ್ಣಾರೆ ಕಂಡ ಒಂದೇ ಒಂದು ವಿಷಯ ಹೇಳಿ, ಅದೂ ಮುಂದೆ ಹೇಳೋ ವಿಷಯಕ್ಕೆ ಸೇರಿದ್ದಾಗಿರ್ಲಿ. ಪುಟ್ಟನ ವಿಷಯದಲ್ಲಿ ಟೀಚರ್ ಹೇಳಿದ್ದು ಹೀಗೆ:

"ಪುಟ್ಟ ಬ್ಲಾಕ್ಸ್ ಸಿಕ್ರೆ ಹದಿನೈದು ನಿಮಿಷ ಅಲ್ಲಾಡದೆ ಕೂತು ಸೇತುವೆ ಕಟ್ತಾನೆ, ಅವನ ವಯಸ್ಸಿಗೆ ಅಷ್ಟು ಹೊತ್ತು ಕೂರೋರು ಕಮ್ಮಿ. ಅದೇ ಜಾಗದಲ್ಲೇ ಅವನಿಗೊಂದು ಕಷ್ಟ ಆಗ್ತಿದೆ, ಅದನ್ನ ಹೇಳೋಕೆ ನಿಮ್ಮನ್ನ ಕರೆದೆ. ಬೇರೆ ಮಕ್ಕಳು ಅವನು ಕಟ್ಟಿದ್ದನ್ನ ಮುಟ್ಟಿದ್ರೆ ಬಾಯಲ್ಲಿ ಹೇಳೋ ಬದಲು ಕೈ ಮಾಡ್ತಿದಾನೆ. ಎಂಟು ದಿನದಲ್ಲಿ ಹನ್ನೊಂದು ಸಲ ಕೈ ಮಾಡಿದ, ಅದರಲ್ಲಿ ಎಂಟು ಸಲ ಇದೇ ಕಾರಣಕ್ಕೆ, ನಾನು ಬರೆದಿಟ್ಟಿದೀನಿ."

ಇಷ್ಟು ಹೇಳಿ ನಿಲ್ಲಿಸಿ. ಹೊಸ ಟೀಚರ್‌ಗಳು ಇಲ್ಲೇ ತಪ್ಪೋದು, ಮೌನ ತಡಿಯೋಕಾಗ್ದೆ ಮಾತು ಮುಂದುವರಿಸಿ, ಮೊನ್ನೆ ಹೀಗಾಯ್ತು ಅದಕ್ಕೂ ಮೊನ್ನೆ ಹಾಗಾಯ್ತು ಅಂತ ಹನ್ನೊಂದೂ ಕಥೆ ಹೇಳ್ಬಿಡ್ತಾರೆ. ಮೂರನೇ ಕಥೆ ಹೊತ್ತಿಗೆ ಅವರಿಗೆ ಇದು ಚಾರ್ಜ್‌ಶೀಟ್ ಥರ ಕೇಳ್ಸೋಕೆ ಶುರುವಾಗತ್ತೆ. ಅವರು ಕೇಳಿದ್ರೆ ಒಂದು ಘಟನೆ ಪೂರ್ತಿ ಹೇಳಿ, ಸಾಕು.

4. ಯಾವ ಪದ, ಯಾವ ಕ್ರಿಯಾಪದ

ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ.

"ಹೊಡೀತಾನೆ" ಅಂದ್ರೆ ಅದು ಅವನ ಸ್ವಭಾವ ಅನ್ನೋ ಹಾಗೆ ಕೇಳ್ಸತ್ತೆ, ಸೂರ್ಯ ಹುಟ್ತಾನೆ ಅಂತೀವಲ್ಲ ಹಾಗೆ, ಇವತ್ತೂ ನಾಳೆನೂ ಯಾವಾಗ್ಲೂ. "ಮಂಗಳವಾರ ಬ್ಲಾಕ್ಸ್ ಹತ್ರ ಹೊಡೆದ" ಅಂದ್ರೆ ಅದೊಂದು ಘಟನೆ, ಆಯ್ತು, ಮುಗೀತು, ಅದರ ಬಗ್ಗೆ ಏನಾದ್ರೂ ಮಾಡಬಹುದು. ಹಾಗಾಗಿ ಘಟನೆ ಹೇಳುವಾಗ ಭೂತಕಾಲ ಇಟ್ಕೊಳ್ಳಿ. ಇನ್ನೂ ನಡೀತಿದೆ ಅಂತ ಹೇಳ್ಬೇಕಾದ್ರೆ "ಕೈ ಮಾಡ್ತಿದಾನೆ", "ಈ ಎರಡು ವಾರದಿಂದ ಆಗ್ತಿದೆ" ಅಂತ ಹೇಳಿ, ಅದರಲ್ಲಿ ಇದು ಈಗಿನ ಮಾತು, ಬದಲಾಗಬಹುದು ಅನ್ನೋ ಅರ್ಥ ಇದೆ. "ಹೊಡಿಯೋ ಅಭ್ಯಾಸ ಇದೆ" ಅನ್ನೋದಂತೂ ಬೇಡ, ಅಭ್ಯಾಸ ಅಂದ ತಕ್ಷಣ ಯಾರು ಕಲಿಸಿದ್ರು ಅನ್ನೋ ಪ್ರಶ್ನೆ ಅದರ ಹಿಂದೇನೇ ಬರತ್ತೆ.

ಎರಡನೇದು, ಮಗುಗೆ ಹೆಸರಿಡೋ ಪದಗಳು. ಪುಂಡ, ರೌಡಿ, ಹಠಮಾರಿ, ಅಗ್ರೆಸಿವ್, ಹೈಪರ್, ಇವಕ್ಕೆ ಲೇಬಲ್ ಅಂತಾರೆ, ಡಬ್ಬಿ ಮೇಲೆ ಚೀಟಿ ಅಂಟ್ಸಿದ ಹಾಗೆ ಮಗು ಮೇಲೆ ಅಂಟ್ಸೋದು. ನಗ್ತಾ ಪ್ರೀತಿಯಿಂದ "ನಮ್ಮ ಕ್ಲಾಸಿನ ರೌಡಿ ಇವನು" ಅಂದ್ರೂ ಮನೆಗೆ ಹೋಗೋದು ಆ ರೌಡಿ ಅನ್ನೋ ಪದ ಮಾತ್ರ, ನಿಮ್ಮ ನಗು ಅಲ್ಲ. ಹೈಪರ್, ಎಡಿಎಚ್‌ಡಿ ಥರದ ಪದ ಡಾಕ್ಟರ್ ಹೇಳ್ಬೇಕಾದ್ದು, ನಾವಲ್ಲ.

ಮೂರನೇದು ಯಾವಾಗ್ಲೂ, ದಿನಾ, ಎಲ್ರಿಗೂ, ಒಂದು ನಿಮಿಷ ಸುಮ್ನಿರಲ್ಲ, ಈ ಥರದ್ದು. ಇವು ನಿಜಾನೂ ಅಲ್ಲ, ಸುಲಭವಾಗಿ ಮುರಿಯೋಕೂ ಆಗತ್ತೆ. "ಎಲ್ರಿಗೂ ಹೊಡೀತಾನೆ" ಅಂದ್ರೆ ಅವರಮ್ಮ "ಪಕ್ಕದ್ಮನೆ ಮಗು ಜೊತೆ ಭಾನುವಾರ ಪೂರ್ತಿ ಆಡಿದ, ಒಂದು ಸಲನೂ ಹೊಡೀಲಿಲ್ಲ" ಅಂತಾರೆ, ಅಲ್ಲಿಂದ ಮಾತು ಹೊಡೆದದ್ದನ್ನ ಬಿಟ್ಟು ಯಾರು ಸರಿ ಅನ್ನೋ ಕಡೆ ಹೋಗತ್ತೆ. ಎಣಿಸಿದ ಸಂಖ್ಯೆ ಹೇಳಿದ್ರೆ ಆ ಜಗಳಕ್ಕೆ ಜಾಗ ಇರಲ್ಲ.

ನಾಲ್ಕನೇದು ಇದರ ಉಲ್ಟಾ, ತೀರಾ ಮೆತ್ತಗೆ ಹೇಳೋದು. "ಸ್ವಲ್ಪ ತುಂಟ ಅಷ್ಟೇ ಮೇಡಂ", "ಚೂರು ಜೋರು" ಅಂದ್ರೆ ಅವರು ನಕ್ಕು ಎದ್ದು ಹೋಗ್ತಾರೆ. ಮೂರು ತಿಂಗಳು ಬಿಟ್ಟು ಏನಾದ್ರೂ ದೊಡ್ಡದಾದಾಗ "ನೀವು ಮೊದಲೇ ಯಾಕೆ ಹೇಳ್ಲಿಲ್ಲ" ಅಂತ ಕೇಳ್ತಾರೆ, ಅವರು ಕೇಳೋದ್ರಲ್ಲಿ ನ್ಯಾಯ ಇದೆ. ಹೊಡೆದದ್ದನ್ನ ಹೊಡೆದ ಅಂತಾನೇ ಹೇಳ್ಬೇಕು. ಮೆತ್ತಗಿರ್ಬೇಕಾದ್ದು ದನಿ, ವಿಷಯ ಅಲ್ಲ.

ಊರಿನ ಮಾತೂ ನೋಡ್ಕೊಳ್ಳಿ. ಹುಬ್ಬಳ್ಳಿ ಧಾರವಾಡ ಕಡೆ "ಬಡದ" ಅಂದ್ರೆ ಮಾಮೂಲಿ ಮಾತು, ಬೆಂಗಳೂರು ಮೈಸೂರು ಕಡೆಯವರಿಗೆ ಅದೇ ಪದ ಚೆನ್ನಾಗಿ ಬಾರಿಸಿದ ಅನ್ನೋ ಹಾಗೆ ಕೇಳ್ಸತ್ತೆ. ಕ್ಲಾಸಲ್ಲಿ ಎರಡೂ ಕಡೆಯವರು ಇರ್ತಾರಲ್ಲ, ಅದಕ್ಕೇ ಸುಮ್ನೆ ಕೈಯಲ್ಲಿ ತೋರ್ಸಿಬಿಡಿ, "ಹೀಗೆ ಎರಡೂ ಕೈಯಲ್ಲಿ ಎದೆ ಹಿಡಿದು ತಳ್ಳಿದ" ಅಂತ. ಎಷ್ಟು ಜೋರು ಅನ್ನೋದೂ ಗೊತ್ತಾಗತ್ತೆ.

5. ಕೇಳೋ ಪ್ರಶ್ನೆಗಳು

"ಮನೇಲಿ ಏನಾದ್ರೂ ಪ್ರಾಬ್ಲಮ್ಮಾ?", "ನೀವು ಮನೇಲಿ ಹೊಡೀತೀರಾ?" ಅಂತ ಶುರು ಮಾಡಿದ್ರೆ ಬಾಗಿಲು ಅಲ್ಲೇ ಹಾಕ್ಕೊಂಡ ಹಾಗೆ. "ಯಾಕೆ ಹೀಗೆ ಮಾಡ್ತಾನೆ?" ಅಂತಾನೂ ಕೇಳ್ಬೇಡಿ, ಯಾಕೆ ಅಂದ್ರೆ ಕಾರಣ ಕೊಡ್ಲೇಬೇಕು ಅನ್ಸತ್ತೆ, ಆಗ ಅವರು ಬೇರೆ ಮಗುನೋ ಟೀವಿನೋ ಅಜ್ಜಿನೋ ಯಾರನ್ನಾದ್ರೂ ಹುಡುಕ್ತಾರೆ. ಏನಾಗತ್ತೆ, ಯಾವಾಗ ಅಂತ ಕೇಳಿ:

"ಮನೇಲಿ ಅವನ ಆಟದ ಸಾಮಾನು ಯಾರಾದ್ರೂ ತಗೊಂಡ್ರೆ ಏನ್ ಮಾಡ್ತಾನೆ?"
"ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ, ಬೆಳಿಗ್ಗೆ ಏನ್ ತಿಂದು ಬರ್ತಾನೆ?"
"ಹಿಂದಿನಿಂದ ಮೆಲ್ಲಗೆ ಕರೆದ್ರೆ ತಿರುಗ್ತಾನಾ?"

ಮೂರನೇ ಪ್ರಶ್ನೆ ಯಾಕೆ ಅಂದ್ರೆ, ಪದೇ ಪದೇ ಶೀತ ಆಗೋ ಮಕ್ಕಳಿಗೆ ಕೆಲವು ಸಲ ಕಿವಿ ತಮಟೆ ಹಿಂದೆ ನೀರು ತುಂಬ್ಕೊಂಡು ಸ್ವಲ್ಪ ದಿನ ಸರಿಯಾಗಿ ಕೇಳ್ಸಲ್ಲ. ಗದ್ದಲದಲ್ಲಿ ಬೇರೆ ಮಗು "ನಂಗೂ ಕೊಡು" ಅಂದಿದ್ದು ಕೇಳ್ಸಿರಲ್ಲ, ಇದ್ದಕ್ಕಿದ್ದ ಹಾಗೆ ಕೈ ಬಂದು ಬ್ಲಾಕ್ ತಗೊಂಡಿದ್ದು ಮಾತ್ರ ಕಂಡಿರತ್ತೆ. ಪುಟ್ಟಂಗೆ ಕಿವಿ ಚೆನ್ನಾಗೇ ಇತ್ತು. ಅವನ ವಿಷಯದಲ್ಲಿ ಸುಳಿವು ಸಿಕ್ಕಿದ್ದು ಮೊದಲ ಪ್ರಶ್ನೆಯಿಂದ. ಮನೇಲಿ ಒಬ್ಬನೇ ಮಗು, ಅವನ ಸಾಮಾನು ಯಾರೂ ಮುಟ್ಟಲ್ಲ. ಎಡವಿ ಬಿದ್ರೆ ಅಳು ನಿಲ್ಸೋಕೆ ಅಜ್ಜಿ "ನೆಲಕ್ಕೆ ಒಂದು ಏಟು ಹಾಕು ಪುಟ್ಟ, ಯಾಕೆ ಬೀಳಿಸ್ತು ಅಂತ ಕೇಳು" ಅಂತಾರೆ, ತಾತ ಆಟಕ್ಕೆ ಕೆನ್ನೆ ಒಡ್ಡಿ "ಹೊಡಿ ನೋಡೋಣ" ಅಂತಾರೆ, ಅವನು ಹೊಡೆದ್ರೆ ಎಲ್ಲರೂ ನಗ್ತಾರೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ಇಲ್ಲ ಹೇಳಿ. ಅಮ್ಮಂಗೇ ಅದು ಹೇಳ್ತಾ ಹೇಳ್ತಾ ಹೊಳೀತು, ಟೀಚರ್ ಬಾಯಿಬಿಡೋ ಅಗತ್ಯಾನೇ ಬರ್ಲಿಲ್ಲ. ಹಾಗೆ ಅವರಿಗೇ ಹೊಳೆದಾಗ "ಹೌದು ಅದೇ ಕಾರಣ" ಅಂತ ಎಳ್ಕೋಬೇಡಿ, "ಇರಬಹುದು, ಅದನ್ನೂ ಸೇರಿಸ್ಕೊಳ್ಳೋಣ" ಅನ್ನಿ. ಇಲ್ಲಾಂದ್ರೆ ಸಂಜೆ ಅತ್ತೆ ಸೊಸೆ ಜಗಳಕ್ಕೆ ನಿಮ್ಮ ಹೆಸರು ಸೇರ್ಕೊಳ್ಳತ್ತೆ.

6. ಅವರಿಂದ ಬರೋ ಮಾತುಗಳು

*"ಮನೇಲಿ ಹಾಗೆ ಮಾಡಲ್ವಲ್ಲ."* ಇದು ಸುಳ್ಳಲ್ಲ, ಮನೇಲಿ ಇಪ್ಪತ್ತೈದು ಮಕ್ಕಳು ಆರು ಬ್ಲಾಕ್ಸ್ ಡಬ್ಬಿ ಇರಲ್ಲ. "ನಿಜ ಮೇಡಂ, ಅದಕ್ಕೇ ಮನೇಲಿ ಕಾಣ್ಸಿರಲ್ಲ, ಇಲ್ಲಿ ಹಂಚ್ಕೋಬೇಕಲ್ಲ" ಅನ್ನಿ.

*"ಆ ಹುಡುಗನೇ ಮೊದಲು ಶುರು ಮಾಡಿರ್ಬೇಕು, ಯಾರವನು?"* ಹೆಸರು ಹೇಳ್ಲೇಬೇಡಿ, ಸಿಸಿಟಿವಿ ತೋರ್ಸಿ ಅಂದ್ರೂ ಬೇಡ, ಅದರಲ್ಲಿ ಬೇರೆಯವರ ಮಕ್ಕಳೂ ಇರ್ತಾರೆ. "ಮುಟ್ಟಿದ್ದು ಆ ಮಗುನೇ, ಅದಕ್ಕೆ ನಾನು ಆ ಕಡೆನೂ ಹೇಳ್ಕೊಡ್ತಿದೀನಿ. ಪುಟ್ಟನ ಬಗ್ಗೆ ಬೇರೆಯವರಿಗೆ ನಾನು ಹೇಗೆ ಹೇಳಲ್ವೋ ಹಾಗೇ ಇದೂ" ಅಂದ್ರೆ ಹೆಚ್ಚಿನವರು ಒಪ್ತಾರೆ.

*"ಗಂಡು ಹುಡುಗ ಅಲ್ವಾ, ಇವರಪ್ಪನೂ ಹೀಗೇ ಇದ್ರಂತೆ."* ವಾದ ಬೇಡ. "ಇರಬಹುದು. ಆದ್ರೆ ಈಗ ಬೇರೆ ಮಕ್ಕಳು ಇವನ ಪಕ್ಕ ಕೂರೋಕೆ ಹಿಂದೇಟು ಹಾಕ್ತಿದ್ದಾರೆ, ಅದು ಇವನಿಗೂ ಬೇಜಾರು ಮಾಡ್ತಿದೆ" ಅನ್ನಿ, ಅದು ನಿಜ ಆಗಿದ್ರೆ ಮಾತ್ರ. ಹೆದರಿಸೋಕೆ ಅಂತ ಇಲ್ಲದ್ದನ್ನ ಸೇರಿಸ್ಬೇಡಿ.

*"ನೀವೂ ಎರಡು ಬಾರ್ಸಿ ಮಿಸ್, ನಮ್ಮದೇನೂ ಅಭ್ಯಂತರ ಇಲ್ಲ."* ನಂಬಿಕೆಯಿಂದ ಹೇಳ್ತಾರೆ, ಬೇಜಾರು ಮಾಡ್ಕೋಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡಿಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧ ಮಾಡಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ದೊಡ್ಡ ಮಕ್ಕಳಿಗೇ ಬೇಡ ಅಂದ ಮೇಲೆ ನಾಲ್ಕು ವರ್ಷದ ಮಗುಗೆ ಬೇಕು ಅನ್ನೋ ಮಾತೇ ಇಲ್ಲ. ಆದ್ರೆ ಅವರ ಮುಂದೆ ಕಾಯ್ದೆ ಓದೋದಕ್ಕಿಂತ ಇಷ್ಟೇ ಹೇಳಿ: "ಹೊಡೀಬೇಡ ಅಂತ ಹೇಳೋಕೆ ನಾನೇ ಹೊಡೆದ್ರೆ ಅವನು ಕಲಿಯೋದು ಹೊಡಿಯೋದನ್ನೇ ಅಲ್ವಾ."

ಅಮ್ಮ ಅತ್ತುಬಿಟ್ರೆ? ಸುಮ್ನೆ ಇರಿ, ನೀರು ಕೊಡಿ, ಎರಡು ನಿಮಿಷ ಬಿಡಿ. "ಅಯ್ಯೋ ಏನಿಲ್ಲ ಬಿಡಿ" ಅಂದ್ರೆ ಹೇಳಿದ್ದನ್ನೆಲ್ಲ ನೀವೇ ಒರೆಸಿದ ಹಾಗಾಗತ್ತೆ.

7. ಸಂಜೆ ಬೀಳೋ ಏಟು ತಡೆಯೋದು

ಇದನ್ನ ಮರೀಬೇಡಿ. ಮುಖ ಕೆಂಪಗೆ ಮಾಡ್ಕೊಂಡು "ಸರಿ ಮಿಸ್, ಇವತ್ತು ಮನೇಲಿ ನೋಡ್ಕೋತೀನಿ" ಅಂತ ಅಪ್ಪ ಎದ್ರೆ ಏನು ಅಂತ ನಿಮಗೂ ಗೊತ್ತು. ಅವರು ಎದ್ದು ನಿಲ್ಲೋ ಮುಂಚೆನೇ ಹೇಳ್ಬಿಡಿ:

"ಸರ್, ನಿಮ್ಮ ಹತ್ರ ಒಂದು ಕೇಳ್ಕೋತೀನಿ. ಇವತ್ತು ಮನೆಗೆ ಹೋಗಿ ಅವನಿಗೆ ಬೈಯೋದು, ಹೊಡಿಯೋದು, ಟೀಚರ್ ಹೀಗಂದ್ರು ಅಂತ ಕೇಳೋದು ಯಾವುದೂ ಬೇಡ. ಬೆಳಿಗ್ಗೆ ಹತ್ತೂವರೆಗೆ ಆಗಿದ್ದಕ್ಕೆ ಸಂಜೆ ಏಳಕ್ಕೆ ಏಟು ಬಿದ್ರೆ ಯಾಕೆ ಬಿತ್ತು ಅಂತ ಅವನಿಗೆ ತಿಳಿಯಲ್ಲ, ಮಿಸ್ ಹೇಳಿದ್ರಿಂದ ಬಿತ್ತು ಅನ್ನೋದು ಮಾತ್ರ ತಿಳಿಯತ್ತೆ. ನಾಳೆಯಿಂದ ನನ್ನ ಹತ್ರ ಬರಲ್ಲ, ಆಗ ನಾನು ಕಲ್ಸೋಕೂ ಆಗಲ್ಲ."

"ಹೊಡೀಬಾರ್ದು, ತಪ್ಪು" ಅಂತ ಬುದ್ಧಿ ಹೇಳಿದ್ರೆ ಅವರಿಗೆ ಅವಮಾನ ಆಗತ್ತೆ. ನಿಮ್ಮ ಕೆಲಸಕ್ಕೆ ಸಹಾಯ ಕೇಳಿದ ಹಾಗೆ ಕೇಳಿದ್ರೆ ಮರ್ಯಾದೆ ಉಳಿಯತ್ತೆ. ಮಾರನೇ ದಿನ ಮಗು ಮೈಮೇಲೆ ಬರೆ, ಊತ ಕಂಡ್ರೆ ಅದು ಈ ಲೇಖನದ ವಿಷಯ ದಾಟಿ ಹೋಯ್ತು, ತಕ್ಷಣ ಹೆಡ್‌ಗೆ ಹೇಳಿ, ಮಕ್ಕಳ ಸಹಾಯವಾಣಿ 1098 ಇದೆ.

8. ಎದ್ದು ಹೋಗೋ ಮುಂಚೆ

ಸ್ಕೂಲಲ್ಲಿ ಮಾಡೋದು ಒಂದು, ಮನೇಲಿ ಮಾಡೋದು ಒಂದು, ಮತ್ತೆ ಮಾತಾಡೋಕೆ ಒಂದು ತಾರೀಖು. ಇದಕ್ಕಿಂತ ಜಾಸ್ತಿ ಕೊಟ್ರೆ ಒಂದೂ ಆಗಲ್ಲ, ಮೊದಲು ನಿಮ್ಮ ಪಾಲಿನದ್ದು ಹೇಳಿ.

ಪುಟ್ಟನ ವಿಷಯದಲ್ಲಿ ಟೀಚರ್ ಒಪ್ಕೊಂಡಿದ್ದು, ಆಟ ಶುರುವಾದ ಹತ್ತು ನಿಮಿಷ ಬ್ಲಾಕ್ಸ್ ಮೂಲೇಲೇ ಕೂರೋದು, ಅಲ್ಲಿ ಒಂದ್ಸಲಕ್ಕೆ ಮೂರೇ ಮಕ್ಕಳು, ಅವನು ಕಟ್ಟೋ ಜಾಗಕ್ಕೆ ಒಂದು ಚಿಕ್ಕ ಚಾಪೆ. ಯಾರಾದ್ರೂ ಮುಟ್ಟೋಕೆ ಬಂದ್ರೆ ಅಂಗೈ ಅಡ್ಡ ಹಿಡಿದು "ಇದು ನಂದು, ಆಮೇಲೆ ಕೊಡ್ತೀನಿ" ಅನ್ನೋದನ್ನ ಹೇಳ್ಕೊಡೋದು. ಮನೇಲಿ ಮಾಡ್ಬೇಕಾದ್ದು ಅದೇ ಮಾತು, ಊಟ ಆದ ಮೇಲೆ ಐದು ನಿಮಿಷ ಅಪ್ಪ ಬೇಕಂತಾನೇ ಅವನ ಕಾರ್ ಮುಟ್ಟೋಕೆ ಹೋಗೋದು, ಅವನು ಅಂಗೈ ತೋರ್ಸಿ ಆ ಮಾತು ಹೇಳಿದ ತಕ್ಷಣ ಕೈ ಹಿಂದೆ ತಗೊಳ್ಳೋದು. ಅಂಗೈ ಯಾಕೆ ಅಂದ್ರೆ, ಹೊಡಿಯೋಕೆ ಎದ್ದ ಕೈಗೆ ಬೇರೆ ಒಂದು ಕೆಲಸ ಸಿಗತ್ತೆ, ಸುಮ್ನೆ "ಹೊಡೀಬೇಡ" ಅಂದ್ರೆ ಆ ಕೈ ಏನ್ ಮಾಡ್ಬೇಕು ಅಂತ ಮಗುಗೆ ಗೊತ್ತಾಗಲ್ಲ. ತಾತನ "ಹೊಡಿ ನೋಡೋಣ" ಆಟಾನ ನಿಲ್ಸಿ ಅಂತ ಟೀಚರ್ ಹೇಳ್ಲಿಲ್ಲ, ತಾತಂಗೂ ಈ ಅಂಗೈ ಆಟ ಹೇಳ್ಕೊಡಿ ಅಂದ್ರು. ಹತ್ತೂವರೆಗೆ ಹಸಿವಾಗ್ತಿರಬಹುದು ಅಂತ ಕ್ಲಾಸಿನ ಸ್ನ್ಯಾಕ್ಸ್‌ನೇ ಆಟಕ್ಕೆ ಮುಂಚೆ ಮಾಡಿದ್ರು, ಅದಕ್ಕೆ ಯಾರನ್ನೂ ಕೇಳೋದೇ ಬೇಕಾಗಿರ್ಲಿಲ್ಲ.

"ಒಂದು ವಾರದಲ್ಲಿ ಸರಿಹೋಗತ್ತೆ" ಅಂತ ಮಾತು ಕೊಡ್ಬೇಡಿ. "ಎರಡು ವಾರ ಇದನ್ನ ಮಾಡೋಣ, ನಾನು ಮತ್ತೆ ಎಣಿಸ್ತೀನಿ, ಇಂಥ ತಾರೀಖು ಫೋನ್ ಮಾಡ್ತೀನಿ" ಅನ್ನಿ. ಅಲ್ಲಿವರೆಗೂ ಗೇಟಲ್ಲಿ ದಿನದಿನದ ವರದಿ ಕೊಡೋದು ಬೇಡ, ಅವರು ಕೇಳಿದ್ರೂ "ಹೇಳಿದ ದಿನ ಪೂರ್ತಿ ಹೇಳ್ತೀನಿ" ಅಂತ ನಗ್ತಾ ಹೇಳಿ.

9. ಬೇರೆಯವರಿಗೆ ತೋರ್ಸಿ ಅಂತ ಹೇಳ್ಬೇಕಾದಾಗ

ಮೊದಲ ಮೀಟಿಂಗಲ್ಲೇ ಇದು ಬೇಡ, ಆದ್ರೆ ಕಿವಿ ಬಗ್ಗೆ ಅನುಮಾನ ಇದ್ರೆ ಅವತ್ತೇ ಹೇಳಿ. ಎರಡೂ ಕಡೆ ಎರಡು ಮೂರು ತಿಂಗಳು ಮಾಡಿದ್ರೂ ಕಮ್ಮಿ ಆಗ್ದಿದ್ರೆ, ನಾಲ್ಕು ವರ್ಷ ಆಗಿದ್ರೂ ಮಾತು ಹೊರಗಿನವರಿಗೆ ಅರ್ಥ ಆಗ್ದಿದ್ರೆ, ತನಗೇ ಹೊಡ್ಕೊಂಡು ಕಚ್ಕೊಂಡು ಮಾಡ್ತಿದ್ರೆ, ಮುಂಚೆ ಬರ್ತಿದ್ದ ಮಾತು ನಿಂತುಹೋಗಿದ್ರೆ ಹೇಳ್ಲೇಬೇಕು. "ಏನೋ ಪ್ರಾಬ್ಲಂ ಇದೆ, ಡಾಕ್ಟರ್‌ಗೆ ತೋರ್ಸಿ" ಅಂದ್ರೆ ಎದೆ ಒಡೆಯತ್ತೆ. ಏನನ್ನ ನೋಡ್ಸೋದು ಅಂತ ಸ್ಪಷ್ಟವಾಗಿ ಹೇಳಿ: "ಕಿವಿ ಮತ್ತೆ ಮಾತು ಒಂದ್ಸಲ ಚೆಕ್ ಮಾಡ್ಸೋಣ, ಚೆನ್ನಾಗಿದೆ ಅಂತ ಗೊತ್ತಾದ್ರೆ ನಾವು ಬೇರೆ ಕಡೆ ನೋಡಬಹುದು." ಕಿವಿ ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ಆಯಿಷ್ ಅಂತಾರೆ. ಸ್ವಭಾವದ ವಿಷಯಕ್ಕೆ ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್. ಅಂಗನವಾಡಿ, ಸರ್ಕಾರಿ ಶಾಲೆ ಮಕ್ಕಳಾದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರತ್ತಲ್ಲ, ಅವರಿಗೆ ಮುಂಚೆನೇ ಹೇಳಿಟ್ಟಿರಿ. ನಿಮ್ಮ ನೋಟ್‌ಬುಕ್ಕಿನ ಜೆರಾಕ್ಸ್ ಕೊಟ್ಟು ಕಳ್ಸಿ, ಬೇರೆ ಮಕ್ಕಳ ಹೆಸರು ಹೊಡೆದು ಹಾಕಿ. ಎಷ್ಟು ಗಂಟೆಗೆ ಎಲ್ಲಿ ಏನಾಯ್ತು ಅಂತ ಅದರಲ್ಲಿರತ್ತೆ, ಮನೆಯವರಿಗೆ ನೆನಪು ಮಾಡ್ಕೊಂಡು ಹೇಳೋ ಕಷ್ಟ ಇರಲ್ಲ.

10. ಫೋನ್ ಮಾಡೋ ದಿನ

ಹೇಳಿದ ತಾರೀಖಿಗೆ ಫೋನ್ ಮಾಡ್ಲೇಬೇಕು, ಏನೂ ಬದಲಾಗ್ದಿದ್ರೂ ಮಾಡ್ಬೇಕು. ಪುಟ್ಟನ ಎರಡನೇ ಎಂಟು ದಿನದ ನೋಟಲ್ಲಿ 4 ಸಲ ಇತ್ತು, ಬ್ಲಾಕ್ಸ್ ಹತ್ರ 2, ಜಾರುಬಂಡೆ ಕ್ಯೂನಲ್ಲಿ 2. ಟೀಚರ್ "ತುಂಬಾ ಇಂಪ್ರೂವ್ ಆಗಿದಾನೆ" ಅಂತ ಹೇಳ್ಲಿಲ್ಲ, "ಹನ್ನೊಂದು ಇದ್ದದ್ದು ನಾಲ್ಕಾಗಿದೆ, ಮೊನ್ನೆ ಗುರುವಾರ ಒಂದು ಮಗು ಬ್ಲಾಕ್ ಎಳ್ಕೊಂಡಾಗ ಅಂಗೈ ತೋರ್ಸಿ 'ಆಮೇಲೆ ಕೊಡ್ತೀನಿ' ಅಂದ, ಆಮೇಲೆ ನಿಜವಾಗ್ಲೂ ಕೊಟ್ಟ. ಕ್ಯೂನಲ್ಲಿ ಮಾತ್ರ ಹಾಗೇ ಇದೆ, ಮುಂದಿನ ಎರಡು ವಾರ ಅದನ್ನ ನೋಡೋಣ" ಅಂದ್ರು. ಆ ಕಡೆಯಿಂದ ಅಪ್ಪ ಕೇಳಿದ ಮೊದಲ ಪ್ರಶ್ನೆ, ಕ್ಯೂ ಆಟ ಮನೇಲಿ ಹೇಗೆ ಆಡ್ಸೋದು ಮಿಸ್ ಅಂತ.